ಕ್ಯಾಥೆಟರ್ ಹಾಕಿದ ಮೇಲೆ ಮರೆತುಹೋದ ಮುಂದೊಗಲು

ಸೋಮವಾರ ಬೆಳಿಗ್ಗೆ ಹೊರರೋಗಿ ವಿಭಾಗದ ಸಾಲಿನಲ್ಲಿ 72 ವರ್ಷದ ಅಡಿಕೆ ಬೆಳೆಗಾರರೊಬ್ಬರು ಕುಳಿತಿರಲಿಲ್ಲ, ಗೋಡೆಗೆ ಒರಗಿ ನಿಂತಿದ್ದರು. ಮೂತ್ರದ ಚೀಲವನ್ನು ಯಾರಿಗೂ ಕಾಣದಂತೆ ಬಟ್ಟೆಯ ಕೈಚೀಲದೊಳಗೆ ಇಟ್ಟುಕೊಂಡಿದ್ದರು. ಒಳಗೆ ಬರುವಾಗ ಕಾಲು ಅಗಲಿಸಿ ನಿಧಾನವಾಗಿ ಹೆಜ್ಜೆ ಹಾಕಿದರು. ಜೊತೆಗಿದ್ದ ಮಗ ಮಾತ್ರೆಯ ಎರಡು ಪಟ್ಟಿಗಳನ್ನು ಮೇಜಿನ ಮೇಲಿಟ್ಟು, "ಪೈಪ್ ಹಾಕಿದ ಮೇಲೆ ಸೋಂಕು ತಗುಲಿದೆ ಡಾಕ್ಟರೇ. ಎರಡು ದಿನ ಮಾತ್ರೆ ಕೊಟ್ಟೆವು, ಬಾವು ಇಳಿಯಲೇ ಇಲ್ಲ" ಎಂದರು.

ಶುಕ್ರವಾರ ರಾತ್ರಿ ಮೂತ್ರ ಕಟ್ಟಿಕೊಂಡಿತ್ತು. ಪ್ರಾಸ್ಟೇಟ್ ಗ್ರಂಥಿ ದಪ್ಪಗಾದ ವಯಸ್ಸಾದವರಲ್ಲಿ ಇದು ದಿನನಿತ್ಯದ ಸಂಗತಿ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಕ್ಯಾಥೆಟರ್ ಹಾಕಿ ಮನೆಗೆ ಕಳಿಸಿದ್ದರು. ಶನಿವಾರ ಸ್ನಾನ ಮಾಡಿಸುವಾಗ ಮಗನ ಕಣ್ಣಿಗೆ ಊತ ಬಿತ್ತು. ಔಷಧದ ಅಂಗಡಿಯಲ್ಲಿ ಕೇಳಿದ್ದಕ್ಕೆ ಆ್ಯಂಟಿಬಯಾಟಿಕ್ ಮತ್ತು ನೋವಿನ ಮಾತ್ರೆ ಸಿಕ್ಕಿದವು. (ಗುರುತು ಸಿಗಬಾರದೆಂದು ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.)

ಪಂಚೆ ಸರಿಸಿ ನೋಡಿದೆ. ಶಿಶ್ನದ ತುದಿಯ ಗುಂಡು ಭಾಗ ಪೂರ್ತಿ ಬರಿದಾಗಿತ್ತು. ಅದರ ಹಿಂದೆ ನೀರು ತುಂಬಿ ಹೊಳೆಯುವ ಚರ್ಮ ಕೋಡುಬಳೆಯಂತೆ ಸುತ್ತಿಕೊಂಡಿತ್ತು. ಬೆರಳಿನಿಂದ ಆ ಊತವನ್ನು ಮೆಲ್ಲಗೆ ಸರಿಸಿದಾಗ ಅದರ ಹಿಂದೆ ಆಳವಾದ ಬಿಗಿ ಗೆರೆಯೊಂದು ಕಂಡಿತು. ದಾರ ಕಟ್ಟಿದ ಗುರುತಿನಂತಿದ್ದ ಆ ಗೆರೆಯೇ ಇಡೀ ಕಾಯಿಲೆ. ಮೇಲೆ ಕಾಣುವ ಬಾವು ಅದರ ಫಲ ಅಷ್ಟೇ.

ಇದಕ್ಕೆ ವೈದ್ಯಕೀಯದಲ್ಲಿ ಪ್ಯಾರಾಫೈಮೋಸಿಸ್ ಎನ್ನುತ್ತಾರೆ. ಮುಂದೊಗಲನ್ನು ಹಿಂದಕ್ಕೆ ಸರಿಸಿದ ಮೇಲೆ ಅದನ್ನು ಮತ್ತೆ ಮುಂದಕ್ಕೆ ತರದೆ ಬಿಟ್ಟರೆ, ಅದರ ಬಾಯಿಯ ಕಿರಿದಾದ ಭಾಗ ತುದಿಯ ಏಣಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಲಾಡಿ ಬಿಗಿದಂತೆ. ಆ ಬಿಗಿತಕ್ಕೆ ಮೊದಲು ಸೋಲುವುದು ದುಗ್ಧನಾಳಗಳು ಮತ್ತು ಅಭಿಧಮನಿಗಳು. ಅವುಗಳ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಅಪಧಮನಿಯ ಒತ್ತಡ ಹೆಚ್ಚಾದ್ದರಿಂದ ಅದು ರಕ್ತವನ್ನು ಒಳಗೆ ನೂಕುತ್ತಲೇ ಇರುತ್ತದೆ. ಬರುವ ದಾರಿ ತೆರೆದಿದೆ, ಹೋಗುವ ದಾರಿ ಮುಚ್ಚಿದೆ. ಹೀಗೆ ತುದಿ ಊದುತ್ತದೆ. ಊದಿದಷ್ಟೂ ಉಂಗುರ ಇನ್ನಷ್ಟು ಬಿಗಿಯುತ್ತದೆ. ಬಿಗಿದಷ್ಟೂ ಮತ್ತೆ ಊದುತ್ತದೆ. ಈ ಸುತ್ತು ತಾನಾಗಿ ನಿಲ್ಲುವುದು ಅಪರೂಪ. ಬಿಟ್ಟರೆ ಕೊನೆಗೆ ಅಪಧಮನಿಯೂ ಸೋಲುತ್ತದೆ. ಆಗ ತುದಿಯ ಅಂಗಾಂಶ ಕೊಳೆಯಲು ತೊಡಗುತ್ತದೆ.

ಎಷ್ಟು ಗಂಟೆಯ ಗಡುವಿದೆ ಎಂದು ಎಲ್ಲರೂ ಕೇಳುತ್ತಾರೆ. ಉಂಗುರ ಎಷ್ಟು ಬಿಗಿಯಾಗಿದೆ ಎನ್ನುವುದರ ಮೇಲೆ ಅದು ನಿಂತಿದೆ. ಕೆಲವರಲ್ಲಿ ಕೆಲವೇ ಗಂಟೆಗಳಲ್ಲಿ ಬಣ್ಣ ಕೆಡುತ್ತದೆ, ಕೆಲವರು ಎರಡು ಮೂರು ದಿನ ಕಳೆದು ಬಂದರೂ ತುದಿ ಉಳಿದಿರುತ್ತದೆ. ಹಾಗಾಗಿ ಗಡಿಯಾರದ ಜೊತೆಗೆ ನಾನು ನೋಡುವುದು ಬಣ್ಣವನ್ನು. ಗುಲಾಬಿ ಅಥವಾ ಕೆಂಪಾಗಿದ್ದು, ಒತ್ತಿದಾಗ ಬಿಳಿಚಿ, ಬಿಟ್ಟಾಗ ಮತ್ತೆ ಬಣ್ಣ ಬಂದರೆ ರಕ್ತ ಓಡುತ್ತಿದೆ ಎಂದರ್ಥ. ನೇರಳೆಗೆ ತಿರುಗಿದ್ದರೆ, ಮುಟ್ಟಿದಾಗ ಗಟ್ಟಿಯಾಗಿದ್ದರೆ, ಕಪ್ಪು ಚುಕ್ಕೆ ಕಂಡರೆ ಒಂದು ನಿಮಿಷವನ್ನೂ ಕಳೆಯುವಂತಿಲ್ಲ. ನೋವು ಕಡಿಮೆಯಾಯಿತೆಂದು ಸಮಾಧಾನಪಡುವಂತೆಯೂ ಇಲ್ಲ. ಸಾಯುತ್ತಿರುವ ಅಂಗಾಂಶ ನೋಯುವುದನ್ನು ನಿಲ್ಲಿಸಬಹುದು.

ಅಂಗಡಿಯ ಮಾತ್ರೆಗಳ ಬಗ್ಗೆ ಒಂದು ಮಾತು. ಮುಂದೊಗಲಿನ ಸೋಂಕಿನಲ್ಲೂ ಊತ, ಕೆಂಪು, ಉರಿ ಇರುತ್ತವೆ. ಆದರೆ ಅಲ್ಲಿ ಚರ್ಮ ಸಾಮಾನ್ಯವಾಗಿ ತನ್ನ ಜಾಗದಲ್ಲೇ, ತುದಿಯನ್ನು ಮುಚ್ಚಿಕೊಂಡೇ ಇರುತ್ತದೆ. ಹುಳು ಕಚ್ಚಿಯೋ ಅಲರ್ಜಿಯಿಂದಲೋ ಬಂದ ಊತದಲ್ಲಿ ಬಿಗಿ ಗೆರೆ ಇರುವುದಿಲ್ಲ. ಸುನ್ನತಿ ಆಗದವರಲ್ಲಿ ತುದಿ ಬರಿದಾಗಿದ್ದು, ಅದರ ಹಿಂದೆ ಊದಿದ ಬಳೆಯಿದ್ದು, ಚರ್ಮ ಮುಂದಕ್ಕೆ ಬಾರದಿದ್ದರೆ ಬೇರೇನೂ ಯೋಚಿಸಬೇಕಿಲ್ಲ. ಉಂಗುರ ಸಡಿಲಿಸುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಈ ಯಜಮಾನರ ಎರಡು ದಿನ ಹೋದದ್ದು ಹೀಗೆ.

"ಯಜಮಾನರೇ, ಸ್ವಲ್ಪ ಒತ್ತಬೇಕಾಗುತ್ತದೆ. ಮೊದಲು ಮರಗಟ್ಟಿಸುತ್ತೇನೆ" ಎಂದೆ. ಶಿಶ್ನದ ಬುಡದಲ್ಲಿ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟೆ. ನಾನು ಇಲ್ಲಿ ಅಡ್ರಿನಲಿನ್ ಬೆರೆಸಿದ ಬಾಟಲಿಯನ್ನು ಮುಟ್ಟುವುದಿಲ್ಲ. ರಕ್ತನಾಳ ಕುಗ್ಗಿಸುವ ಔಷಧವನ್ನು ರಕ್ತಕ್ಕೆ ಪರದಾಡುತ್ತಿರುವ ಅಂಗಕ್ಕೇಕೆ ಕೊಡಬೇಕು? ಐದಾರು ನಿಮಿಷ ಕಾದೆ. ಈ ಕಾಯುವಿಕೆಯನ್ನು ಹಲವರು ಬಿಟ್ಟುಬಿಡುತ್ತಾರೆ. ನೋವಿನಿಂದ ರೋಗಿ ಸೊಂಟ ಹಿಂದಕ್ಕೆಳೆದುಕೊಂಡರೆ ಮುಂದಿನ ಕೆಲಸ ಆಗುವುದೇ ಇಲ್ಲ.

ಆಮೇಲಿನದು ತಾಳ್ಮೆಯ ಕೆಲಸ. ಊದಿದ ಚರ್ಮ ಮತ್ತು ತುದಿಯ ಸುತ್ತ ಒದ್ದೆ ಗಾಜ್ ಸುತ್ತಿ ಅಂಗೈಯಲ್ಲಿ ಹಿಡಿದು ಒಂದೇ ಸಮನೆ ಒತ್ತುತ್ತಾ ಕುಳಿತೆ. ಹಿಂಡುವಂತಿಲ್ಲ, ಬಿಟ್ಟು ಬಿಟ್ಟು ಒತ್ತುವಂತಿಲ್ಲ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ಹಾಗೆ ಒತ್ತಿದಾಗ ಚರ್ಮದಲ್ಲಿ ಸೇರಿದ್ದ ನೀರು ಉಂಗುರದ ಕೆಳಗಿನಿಂದ ಬುಡದ ಕಡೆಗೆ ಸರಿಯುತ್ತದೆ. ಎರಡೇ ನಿಮಿಷಕ್ಕೆ ಕೈಬಿಟ್ಟು "ಆಗುತ್ತಿಲ್ಲ" ಎಂದು ನಮಗೆ ಕಳಿಸಿಕೊಟ್ಟ ರೋಗಿಗಳಲ್ಲಿ ಅನೇಕರಿಗೆ ಬೇಕಾಗಿದ್ದುದು ಇನ್ನೂ ಎಂಟು ನಿಮಿಷ.

ಗಾಜ್ ಬಿಚ್ಚಿದಾಗ ಕೋಡುಬಳೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ಚರ್ಮದಲ್ಲಿ ನೆರಿಗೆ ಮೂಡಿತ್ತು. ಒಳಭಾಗಕ್ಕೆ ಸ್ವಲ್ಪ ಜೆಲ್ಲಿ ಹಚ್ಚಿದೆ. ಎರಡೂ ಹೆಬ್ಬೆರಳುಗಳನ್ನು ತುದಿಯ ಮೇಲಿಟ್ಟು, ತೋರುಬೆರಳು ಮತ್ತು ಮಧ್ಯದ ಬೆರಳುಗಳನ್ನು ಬಿಗಿ ಗೆರೆಯ ಹಿಂದೆ ಹಿಡಿದೆ. ಹೆಬ್ಬೆರಳುಗಳು ತುದಿಯನ್ನು ನಿಧಾನವಾಗಿ ಒಳಕ್ಕೆ ನೂಕಬೇಕು, ಉಳಿದ ಬೆರಳುಗಳು ಚರ್ಮವನ್ನು ಮುಂದಕ್ಕೆ ತರಬೇಕು. ಮುಖ್ಯ ಬಲ ಹೆಬ್ಬೆರಳಿನದು. ಚರ್ಮವನ್ನಷ್ಟೇ ಜಗ್ಗಿದರೆ ಅದು ಹರಿಯುತ್ತದೆ. ಕ್ಯಾಥೆಟರ್ ನಡುವೆಯೇ ಇತ್ತು, ಅಡ್ಡಿಯಾಗಲಿಲ್ಲ. ಅಡ್ಡಿಯಾದರೆ ಮೂತ್ರಕೋಶದೊಳಗೆ ಅದನ್ನು ಹಿಡಿದಿಡುವ ಬಲೂನಿನ ನೀರು ತೆಗೆದು ಹೊರಗೆಳೆದು, ಆಮೇಲೆ ಹೊಸದನ್ನು ಹಾಕಬಹುದು. ಅರ್ಧ ನಿಮಿಷ ಏನೂ ಆಗಲಿಲ್ಲ. ಬಳಿಕ ಉಂಗುರ ಏಣನ್ನು ದಾಟಿದ್ದು ಕೈಗೇ ಗೊತ್ತಾಯಿತು, ಚರ್ಮ ಜಾರಿ ತುದಿಯನ್ನು ಮುಚ್ಚಿತು. ಯಜಮಾನರು ಕಣ್ಣು ತೆರೆದು, "ಇಷ್ಟೇನಾ?" ಎಂದರು.

ಯಾವಾಗಲೂ ಇಷ್ಟೇ ಅಲ್ಲ. ಕೈಯ ಒತ್ತಡಕ್ಕೆ ಊತ ಜಗ್ಗದಿದ್ದು, ಬಣ್ಣ ಚೆನ್ನಾಗಿದ್ದರೆ, ಸಕ್ಕರೆಯನ್ನು ದಪ್ಪಗೆ ಮೆತ್ತಿ ಗಾಜ್ ಸುತ್ತಿ ಒಂದೆರಡು ಗಂಟೆ ಬಿಡುವ ಪದ್ಧತಿಯಿದೆ. ಕೇಳಿ ನಕ್ಕವರಿದ್ದಾರೆ. ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಟ್ಟುಕೊಳ್ಳುವುದು ಯಾವ ನಿಯಮದಿಂದಲೋ ಇದೂ ಅದರಿಂದಲೇ. ಮ್ಯಾನಿಟಾಲ್ ದ್ರಾವಣದಲ್ಲಿ ಅದ್ದಿದ ಗಾಜ್ ಕೂಡ ಇದೇ ಕೆಲಸ ಮಾಡುತ್ತದೆ. ಚರ್ಮ ಒಡೆದಿದ್ದರೆ ಅಥವಾ ಬಣ್ಣ ಕೆಟ್ಟಿದ್ದರೆ ಇಷ್ಟು ಕಾಯುವ ಹಾಗಿಲ್ಲ. ಆಗ ಸಣ್ಣ ಸೂಜಿಯಿಂದ ಊದಿದ ಚರ್ಮಕ್ಕೆ ಅಲ್ಲಲ್ಲಿ ಚುಚ್ಚಿ ನೀರು ಹಿಂಡಿ ತೆಗೆಯುತ್ತೇವೆ. ಅದಕ್ಕೂ ಬಗ್ಗದಿದ್ದರೆ ಮೇಲ್ಭಾಗದಲ್ಲಿ ಉಂಗುರವನ್ನೇ ಉದ್ದಕ್ಕೆ ಸೀಳುತ್ತೇವೆ. ಸೀಳಿದ ಕೂಡಲೇ ಬಿಗಿತ ಬಿಡುತ್ತದೆ.

ಇನ್ನು ತಪ್ಪಿನ ವಿಷಯ. ಕ್ಯಾಥೆಟರ್ ಹಾಕುವವರು ಮುಂದೊಗಲನ್ನು ಹಿಂದಕ್ಕೆ ಸರಿಸಿ, ತುದಿಯನ್ನು ಶುಚಿಗೊಳಿಸಿ, ಜೆಲ್ಲಿ ತುಂಬಿ, ನಳಿಕೆ ತೂರಿಸಿ, ಬಲೂನು ಉಬ್ಬಿಸಿ, ಚೀಲ ಜೋಡಿಸುತ್ತಾರೆ. ಚೀಲದಲ್ಲಿ ಮೂತ್ರ ಕಂಡೊಡನೆ ಎಲ್ಲರಿಗೂ ನಿರಾಳ. ಚರ್ಮವನ್ನು ಮುಂದಕ್ಕೆ ತರುವ ಎರಡು ಸೆಕೆಂಡಿನ ಕೊನೆಯ ಹೆಜ್ಜೆ ಆ ನಿರಾಳದಲ್ಲೇ ಜಾರಿಹೋಗುತ್ತದೆ. ಅದನ್ನು ಮರೆತವರು ಅಸಡ್ಡೆಯವರೆಂದು ನಾನು ಹೇಳಲಾರೆ, ಏಕೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ನಾನೂ ಒಮ್ಮೆ ಮರೆತಿದ್ದೆ. ರಾತ್ರಿ ಪಾಳಿಯ ಹಿರಿಯ ಶುಶ್ರೂಷಕಿಯೊಬ್ಬರು ನೋಡಿ ಸರಿಪಡಿಸಿ, ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಪಾರ್ಶ್ವವಾಯು ಆದವರು, ಮರೆವಿನ ಕಾಯಿಲೆಯವರು, ಐಸಿಯುನಲ್ಲಿ ಪ್ರಜ್ಞೆ ಇಲ್ಲದವರು ನೋವನ್ನು ಹೇಳಲಾರರು. ಅವರ ವಿಷಯದಲ್ಲಿ ನೋಡುವ ಕಣ್ಣೇ ಗತಿ. ಮನೆಯಲ್ಲಿ ಕ್ಯಾಥೆಟರ್ ಇರುವ ಹಿರಿಯರನ್ನು ನೋಡಿಕೊಳ್ಳುವವರು ಪ್ರತಿ ಸಲ ಒರೆಸಿ ಶುಚಿ ಮಾಡಿದ ಮೇಲೆ ಚರ್ಮ ಮುಂದಕ್ಕೆ ಬಂದಿದೆಯೇ ಎಂದು ನೋಡಬೇಕು.

ಕ್ಯಾಥೆಟರ್ ಇಲ್ಲದೆಯೂ ಇದು ಆಗುತ್ತದೆ. ತೊಳೆಯಲು ಸರಿಸಿ ಮರೆತವರು, ಸಂಭೋಗದ ನಂತರ ಹಾಗೇ ಮಲಗಿದವರು ಬರುತ್ತಾರೆ. ಚಿಕ್ಕ ಮಕ್ಕಳಲ್ಲಿ ಮುಂದೊಗಲು ಅಂಟಿಕೊಂಡಿರುವುದು ಸಹಜ. ಶುಚಿಮಾಡುವ ಹೆಸರಿನಲ್ಲಿ ಅದನ್ನು ಬಲವಂತವಾಗಿ ಸರಿಸಬಾರದು. ಆಗಷ್ಟೇ ಸಿಕ್ಕಿಕೊಂಡಿದ್ದು ಬಣ್ಣ ಸರಿಯಾಗಿದ್ದರೆ, ವಯಸ್ಕರು ತಾವೇ ಹತ್ತು ನಿಮಿಷ ಒಂದೇ ಸಮನೆ ಒತ್ತಿ ಹಿಡಿದು, ಜಾರುವಂತೆ ಏನಾದರೂ ಹಚ್ಚಿ, ಮೇಲೆ ಹೇಳಿದಂತೆ ಒಮ್ಮೆ ನೂಕಿ ನೋಡಬಹುದು. ಒಮ್ಮೆ ಮಾತ್ರ. ಆಗದಿದ್ದರೆ ಮಧ್ಯರಾತ್ರಿಯಾದರೂ ತುರ್ತು ಚಿಕಿತ್ಸಾ ಘಟಕಕ್ಕೇ ಹೋಗಬೇಕು. ಅಲ್ಲಿ ಬಾಗಿಲಲ್ಲಿ ಕುಳಿತವರಿಗೆ ಎಲ್ಲವನ್ನೂ ವಿವರಿಸಬೇಕಿಲ್ಲ. "ಮುಂದೊಗಲು ಹಿಂದೆ ಸಿಕ್ಕಿಕೊಂಡಿದೆ" ಎಂದರೆ ವೈದ್ಯರಿಗೆ ಅರ್ಥವಾಗುತ್ತದೆ. ನಾಚಿಕೆಯಿಂದ ಬೆಳಗಾಗಲಿ ಎಂದು ಕಾಯುವವರ ಊತ ಬೆಳಗಿನ ಹೊತ್ತಿಗೆ ಇಮ್ಮಡಿಯಾಗಿರುತ್ತದೆ.

ಒಮ್ಮೆ ಸಿಕ್ಕಿಕೊಂಡದ್ದು ಮತ್ತೆ ಸಿಕ್ಕಿಕೊಳ್ಳಬಹುದು. ಉಂಗುರ ಬಿಗಿಯಾಗಿರುವುದಕ್ಕೆ ಕಾರಣವನ್ನೂ ಹುಡುಕಬೇಕು. ಮಧುಮೇಹದವರಲ್ಲಿ ಮುಂದೊಗಲಿಗೆ ಪದೇಪದೇ ಶಿಲೀಂಧ್ರ ಸೋಂಕಾಗಿ ಸೀಳು ಬಿದ್ದು, ಮಾಯ್ದು, ಚರ್ಮ ಗಡುಸಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಇಂಥ ಸೋಂಕನ್ನು ಹೆಚ್ಚಿಸಬಲ್ಲವು. ಹಾಗೆಂದು ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು. ನಮ್ಮ ಯಜಮಾನರಿಗೂ ಸಕ್ಕರೆ ಕಾಯಿಲೆಯಿತ್ತು, ಅದು ಆ ದಿನದ ರಕ್ತ ಪರೀಕ್ಷೆಯಲ್ಲೇ ಮೊದಲ ಬಾರಿ ಗೊತ್ತಾದದ್ದು. ಊತದ ಚರ್ಮಕ್ಕೆ ಕತ್ತರಿ ಹಾಕಿದರೆ ಎಷ್ಟು ತೆಗೆಯಬೇಕೆಂಬ ಅಂದಾಜು ತಪ್ಪುತ್ತದೆ, ಹಾಗಾಗಿ ಆರು ವಾರ ಬಿಟ್ಟು ಸುನ್ನತಿ ಮಾಡಿದೆವು. ಆ ಮಧ್ಯೆ ಕ್ಯಾಥೆಟರ್ ಬದಲಿಸಲು ಒಮ್ಮೆ ಬಂದಿದ್ದರು. ಕೆಲಸ ಮುಗಿಸಿ ಕೈಗವಸು ಬಿಚ್ಚುತ್ತಿದ್ದ ಹುಡುಗನಿಗೆ ಯಜಮಾನರೇ ಕೇಳಿದರು: "ಮುಂದಕ್ಕೆ ತಂದೆಯೇನಪ್ಪಾ?"