ನಂಬರ್ ಫೋನಲ್ಲೇ ಬರುತ್ತಲ್ಲ, ಮತ್ತೆ ಯಾಕೆ ಕೇಳಬೇಕು?

ಪ್ರಶ್ನೆ: ಅಂಗಡಿ ನಂಬರಿಗೆ ವಾಯ್ಸ್‌ಮೇಲ್ ಹಾಕಿದ್ದೇನೆ. ಜನ "ಹಲೋ, ನಾನು, ಸ್ವಲ್ಪ ಫೋನ್ ಮಾಡಿ" ಅಂತಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಏನು ರೆಕಾರ್ಡ್ ಮಾಡಲಿ?

ನೀವು ಏನು ಕೇಳುತ್ತೀರೋ ಅಷ್ಟನ್ನೇ ಜನ ಹೇಳುತ್ತಾರೆ. "ಸಂದೇಶ ಬಿಡಿ" ಅಂದರೆ ಸಂದೇಶ ಬಿಡುತ್ತಾರೆ, ವಿವರ ಬಿಡುವುದಿಲ್ಲ. ಸೈಕಲ್ ರಿಪೇರಿ ಅಂಗಡಿ ಅಂತ ಇಟ್ಟುಕೊಳ್ಳಿ, ಹೀಗೆ ಹೇಳಿ:

"ನಮಸ್ಕಾರ, ಇದು ಇಂಥ ಸೈಕಲ್ ರಿಪೇರಿ ಅಂಗಡಿ. ಈಗ ಫೋನ್ ತೆಗೆಯೋಕೆ ಆಗ್ತಿಲ್ಲ. ಬೀಪ್ ಆದ ಮೇಲೆ ನಿಮ್ಮ ಹೆಸರು, ರಸೀದಿ ನಂಬರ್ ಹೇಳಿ. ನಾವು ಯಾವ ನಂಬರಿಗೆ ಫೋನ್ ಮಾಡಬೇಕೋ ಅದನ್ನ ನಿಧಾನವಾಗಿ ಎರಡು ಸಲ ಹೇಳಿ."

ಅಷ್ಟೇ. ಅಂಗಡಿ ಹೆಸರು ಮೊದಲು ಬರಬೇಕು, ಇಲ್ಲದಿದ್ದರೆ ರಾಂಗ್ ನಂಬರ್ ಇರಬಹುದು ಅಂತ ಇಟ್ಟುಬಿಡುತ್ತಾರೆ. ಕೇಳುವ ವಿವರ ಕೊನೆಗೆ, ಬೀಪಿಗೆ ಅಂಟಿಕೊಂಡ ಹಾಗೆ ಇರಲಿ. ಆಗ ಅದು ಇನ್ನೂ ಅವರ ಕಿವಿಯಲ್ಲಿರುತ್ತೆ.

ಇದನ್ನು ಓದಿದ ತಕ್ಷಣ ಒಬ್ಬರಾದರೂ ಕೇಳೇ ಕೇಳುತ್ತಾರೆ: "ನಂಬರ್ ಹೇಗೂ ಫೋನಲ್ಲಿ ಬರುತ್ತಲ್ಲ?" ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಸ್ಕ್ರೀನ್ ಮೇಲೆ ಬರೋದು ಯಾವ ಲೈನಿಂದ ಕರೆ ಬಂತು ಅನ್ನೋದು ಮಾತ್ರ. ಅವರು ಯಾವ ನಂಬರಲ್ಲಿ ಸಿಗುತ್ತಾರೆ ಅನ್ನೋದು ಬೇರೆ ಮಾತು. ಆಫೀಸ್ ಫೋನಿಂದ ಮಾಡಿದರೆ ಎಷ್ಟೋ ಕಡೆ ಬೋರ್ಡ್ ನಂಬರ್ ಬರುತ್ತೆ, ನೀವು ವಾಪಸ್ ಮಾಡಿದರೆ ರಿಸೆಪ್ಶನ್‌ನವರು "ಯಾರು ಬೇಕಿತ್ತು?" ಅಂತಾರೆ, ನಿಮಗೆ ಹೆಸರೇ ಗೊತ್ತಿಲ್ಲ. ಬ್ಯಾಟರಿ ಹೋಗಿ ಸ್ನೇಹಿತರ ಫೋನಿಂದ ಮಾಡಿದವರು ಅಷ್ಟೊತ್ತಿಗೆ ಅಲ್ಲಿಂದ ಹೊರಟಿರುತ್ತಾರೆ. ಕೆಲವರು ನಂಬರ್ ಕಾಣದ ಹಾಗೆ ಮಾಡಿಟ್ಟಿರುತ್ತಾರೆ. ಇನ್ನು ಕರೆ ಒಂದು ಫೋನಿಂದ ಇನ್ನೊಂದಕ್ಕೆ ಫಾರ್ವರ್ಡ್ ಆಗಿ ಬಂದಿದ್ದರೆ ಕೆಲವೊಮ್ಮೆ ನಿಮ್ಮದೇ ಅಂಗಡಿ ನಂಬರ್ ಕಾಣಿಸುತ್ತೆ! ಎರಡು ಸಲ ಹೇಳಿಸೋದೂ ಸುಮ್ನೆ ಅಲ್ಲ. ರಸ್ತೆ ಗಲಾಟೆಯಲ್ಲಿ ಒಂದು ಅಂಕಿ ನುಂಗಿಹೋದರೆ ಎರಡನೇ ಸಲದಲ್ಲಿ ಸಿಗುತ್ತೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಎಷ್ಟು ಹೊತ್ತು ರಿಂಗ್ ಆಗಬೇಕು? ಗ್ರೀಸ್ ಕೈ ಒರೆಸಿಕೊಂಡು ಬರುವಷ್ಟರಲ್ಲಿ ವಾಯ್ಸ್‌ಮೇಲ್ ಎತ್ತಿಕೊಳ್ಳುತ್ತಿದ್ದರೆ ಸಮಯ ಕಡಿಮೆ ಇದೆ ಅಂತ ಅರ್ಥ. ಮೊಬೈಲಲ್ಲಿ ಮೊದಲು ಇದನ್ನು ಒತ್ತಿ, ಕರೆ ಯಾವ ನಂಬರಿಗೆ ಹೋಗುತ್ತಿದೆ ಅಂತ ಬರುತ್ತೆ:

```
*#61#
```

ಆ ನಂಬರನ್ನು X ಇರುವ ಜಾಗದಲ್ಲಿ ಹಾಕಿ ಒತ್ತಿ:

```
**61*X*11*25#
```

25 ಅಂದರೆ ಸೆಕೆಂಡು. 5ರಿಂದ 30ರವರೆಗೆ, ಐದೈದರ ಲೆಕ್ಕದಲ್ಲಿ ಹಾಕಬಹುದು. ಎಲ್ಲ ಕಂಪನಿಯವರೂ ಇದಕ್ಕೆ ಬಿಡಲ್ಲ. ಎರರ್ ಬಂದರೆ ಕಸ್ಟಮರ್ ಕೇರ್‌ಗೆ ಹೇಳಿಯೇ ಮಾಡಿಸಬೇಕು. ಆಮೇಲೆ ಬೇರೆ ಫೋನಿಂದ ಅಂಗಡಿಗೆ ಕರೆ ಮಾಡಿ, ಎತ್ತಬೇಡಿ, ನಿಮ್ಮದೇ ಮಾತು ಕೇಳಿಸಿಕೊಂಡು ಒಂದು ಮೆಸೇಜ್ ಬಿಡಿ. ಅದನ್ನು ಕೇಳಿ ನಂಬರ್ ಬರೆದುಕೊಳ್ಳೋಕೆ ಆಯ್ತಾ ನೋಡಿ.