ಪ್ರವಾಸ ಸಂಸ್ಥೆಯ ಕೆಲಸ: ಕಮಿಷನ್ ಕೈ ಸೇರುವುದು ಯಾವಾಗ?

ಪ್ರವಾಸ ಸಂಸ್ಥೆಗಳ ಸೇಲ್ಸ್ ಕೆಲಸಕ್ಕೆ ಜನರನ್ನು ಆರಿಸುವಾಗ ಒಂದು ವಿಷಯ ಗಮನಿಸಿದ್ದೇನೆ. ಬಂದವರೆಲ್ಲ ಕಮಿಷನ್ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ. ಯಾವುದರ ಮೇಲೆ, ಯಾವಾಗ ಅಂತ ಕೇಳುವವರು ತೀರಾ ಕಡಿಮೆ. ಸಂಬಳದ ಹಣೆಬರಹ ನಿಂತಿರುವುದು ಆ ಎರಡು ಪ್ರಶ್ನೆಗಳ ಮೇಲೆ.

ಒಂದು ಲೆಕ್ಕ ಹಾಕೋಣ. ನಿಮ್ಮ ತಿಂಗಳ ಖರ್ಚು 1,000 ಅಂತ ಇಟ್ಟುಕೊಳ್ಳಿ. ಮೂಲ ಸಂಬಳ 600, ಜೊತೆಗೆ 10 ಪರ್ಸೆಂಟ್ ಕಮಿಷನ್. ನೀವು 2,000ದ ಒಂದು ಪ್ಯಾಕೇಜ್ ಮಾರಿದಿರಿ. 200 ಸಿಗುತ್ತದೆ ಅಂದುಕೊಂಡರೆ ಅದು ತಪ್ಪು. ಹೋಟೆಲ್, ವಾಹನ, ಟಿಕೆಟ್‌ಗೆ 1,800 ಹೋಗುತ್ತದೆ. ಸಂಸ್ಥೆಗೆ ಉಳಿಯುವ ಮಾರ್ಜಿನ್ 200. ಕಮಿಷನ್ ಸಾಮಾನ್ಯವಾಗಿ ಈ ಮಾರ್ಜಿನ್ ಮೇಲೆ, ಅಂದರೆ ನಿಮಗೆ 20. ಗ್ರಾಹಕರು ಚೌಕಾಸಿ ಮಾಡಿದರು, ನೀವು 50 ಬಿಟ್ಟುಕೊಟ್ಟಿರಿ. ಪ್ಯಾಕೇಜ್ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ ಮಾರ್ಜಿನ್ 150ಕ್ಕೆ ಇಳಿಯಿತು, ನಿಮ್ಮ ಪಾಲು 15 ಆಯಿತು. ಕೊರತೆ ಬಿದ್ದ 400 ತುಂಬಲು ತಿಂಗಳಿಗೆ 27 ಬುಕಿಂಗ್ ಬೇಕು.

ಇನ್ನು ಸಮಯ. ಪ್ರತಿ ಬುಕಿಂಗ್‌ಗೂ ಮೂರು ದಿನಾಂಕ ಇರುತ್ತವೆ: ಮುಂಗಡ ಬಂದ ದಿನ, ಪೂರ್ತಿ ಹಣ ಬಂದ ದಿನ, ಪ್ರವಾಸ ಹೊರಟ ದಿನ. ಅನೇಕ ಸಂಸ್ಥೆಗಳು ಹೊರಟ ಮೇಲೆಯೇ ಕಮಿಷನ್ ಕೊಡುತ್ತವೆ. ಇದರಲ್ಲಿ ಮೋಸವೇನೂ ಇಲ್ಲ. ಅಲ್ಲಿಯವರೆಗೆ ಪ್ರವಾಸ ರದ್ದಾಗಬಹುದು, ಮಾರ್ಜಿನ್ ಕರಗಬಹುದು. ಆದರೆ ಹೊಸಬರಿಗೆ ಇದರ ಪರಿಣಾಮ ದೊಡ್ಡದು.

ಮೊದಲ ತಿಂಗಳು ಕಲಿಕೆ. ಎರಡರಿಂದ ನಾಲ್ಕನೇ ತಿಂಗಳು ಬುಕಿಂಗ್ ಭರಾಟೆ, ನೀವು ತಿಂಗಳಿಗೆ 27 ಮಾಡಿದಿರಿ. ಆ ಜನ ಹೊರಡುವುದು ಐದರಿಂದ ಏಳನೇ ತಿಂಗಳಲ್ಲಿ. ಕಮಿಷನ್ ಆರರಿಂದ ಎಂಟರಲ್ಲಿ ಬರುತ್ತದೆ. ಸೀಸನ್ ಮುಗಿದ ಮೇಲೆ ಬುಕಿಂಗ್ 8ಕ್ಕೆ ಇಳಿದರೆ ಕೊನೆಯ ನಾಲ್ಕು ತಿಂಗಳು ಕಮಿಷನ್ ಬರೀ 120. ಕೂಡಿಸಿ ನೋಡಿದರೆ ಮೊದಲ ವರ್ಷದ ಸರಾಸರಿ ಸುಮಾರು 740. ಜಾಹೀರಾತಿನಲ್ಲಿ ಬರೆದಿದ್ದ ‘1,000ಕ್ಕೂ ಜಾಸ್ತಿ’ ಸುಳ್ಳಲ್ಲ, ಆದರೆ ಅದು ಮೂರೇ ತಿಂಗಳ ಮಾತು. ಹಾಗಾಗಿ ಮೊದಲ ಐದು ತಿಂಗಳಿಗೆ ಉಳಿತಾಯ ಇಲ್ಲದವರು ಹೆಚ್ಚು ಮೂಲ ಸಂಬಳ, ಕಡಿಮೆ ಪರ್ಸೆಂಟ್ ಇರುವ ಕೆಲಸ ಆರಿಸಲಿ ಅಂತಲೇ ನಾನು ಹೇಳುತ್ತೇನೆ. ‘ಕಮಿಷನ್ ಮುಂಗಡ ಕೊಡುತ್ತೇವೆ’ ಅಂದರೆ ಖುಷಿಪಡುವ ಮುಂಚೆ ಕೇಳಿ: ಗುರಿ ಮುಟ್ಟದಿದ್ದರೆ ಅದು ಸಾಲವಾಗಿ ನಿಲ್ಲುತ್ತದೆಯೇ?

ಸಂದರ್ಶನದಲ್ಲಿ ಅಲ್ಲಿನ ಅತ್ಯುತ್ತಮ ಮಾರಾಟಗಾರರ ಕಥೆ ಹೇಳುತ್ತಾರೆ. ನೀವು ಮಧ್ಯಮ ಮಟ್ಟದವರ ಹನ್ನೆರಡು ತಿಂಗಳ ಕಮಿಷನ್ ಕೇಳಿ. ಹೆಸರು ಬೇಡ, ತಿಂಗಳವಾರು ಅಂಕಿ ಸಾಕು. ಒಳ್ಳೆಯ ಸಂಸ್ಥೆಗೆ ಇದು ಕಷ್ಟದ ಕೆಲಸ ಅಲ್ಲ.

ಒಳ್ಳೆಯ ಸಂಸ್ಥೆ ಅಂತ ಗೊತ್ತಾಗುವುದು ಹೇಗೆ? ಆಫೀಸಿನ ಅಂದ ನೋಡಬೇಡಿ, ಹಣ ಹರಿಯುವ ದಾರಿ ನೋಡಿ. ಈ ವ್ಯಾಪಾರದಲ್ಲಿ ಗ್ರಾಹಕರು ಮೊದಲೇ ಕೊಡುತ್ತಾರೆ, ಹೋಟೆಲ್‌ಗಳಿಗೆ ಆಮೇಲೆ ಕೊಡಬೇಕಾಗುತ್ತದೆ. ಸೀಸನ್ ಮುಗಿಯುವ ಹೊತ್ತಿಗೆ ಹೊಸ ಹಣ ಬತ್ತಿ, ಹಳೆ ಬಿಲ್‌ಗಳು ಬಂದು ನಿಲ್ಲುತ್ತವೆ. ಬ್ರಿಟನ್ನಿನ 178 ವರ್ಷ ಹಳೆಯ ಪ್ರವಾಸ ಸಂಸ್ಥೆ ಥಾಮಸ್ ಕುಕ್ ಮುಚ್ಚಿದ್ದು 2019ರ ಸೆಪ್ಟೆಂಬರ್ 23ರಂದು, ಬೇಸಿಗೆ ಸೀಸನ್ ಮುಗಿಯುತ್ತಿದ್ದಾಗ. ಮೊದಲೇ ದೊಡ್ಡ ಸಾಲ ಇತ್ತು. ಅದರ ಮೇಲೆ ಚಳಿಗಾಲ ದಾಟಲು ಇನ್ನೂ 20 ಕೋಟಿ ಪೌಂಡ್ ಹೊಂದಿಸಬೇಕಾಗಿ ಬಂತು, ಅದು ಆಗಲಿಲ್ಲ. ಅನೇಕ ಹೋಟೆಲ್‌ಗಳ ಆ ಬೇಸಿಗೆಯ ಬಾಕಿ ಹಾಗೇ ಉಳಿಯಿತು.

ಚಿಕ್ಕ ಸಂಸ್ಥೆಗಳಲ್ಲೂ ಇದೇ ನಡೆಯುತ್ತದೆ, ಲಕ್ಷಣಗಳು ಮೊದಲು ಕಾಣುವುದು ಸೇಲ್ಸ್ ಮೇಜಿನಲ್ಲೇ. ಹೋಟೆಲ್‌ನವರು ಬಾಕಿ ಕೇಳಿ ನಿಮಗೇ ಫೋನ್ ಮಾಡುತ್ತಾರೆ. ಗ್ರಾಹಕರು ಹೋಟೆಲ್‌ನಲ್ಲಿ ತೋರಿಸಬೇಕಾದ ಬುಕಿಂಗ್ ವೋಚರ್ ಪ್ರಯಾಣದ ಹಿಂದಿನ ರಾತ್ರಿ ಬರುತ್ತದೆ. ಡಿಸ್ಕೌಂಟ್ ಕೊಟ್ಟಾದರೂ ಪೂರ್ತಿ ಹಣ ಈಗಲೇ ತರಿಸಿ ಅಂತ ಒತ್ತಡ ಬರುತ್ತದೆ. ರೀಫಂಡ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಸೇರುವ ಮುಂಚೆ ತಿಳಿಯಬೇಕಾದರೆ, ಅವರು ಬಳಸುವ ಒಂದೆರಡು ಹೋಟೆಲ್‌ಗಳ ರಿಸರ್ವೇಶನ್ ವಿಭಾಗದಲ್ಲಿ ವಿಚಾರಿಸಿ. ‘ಅವರದು ಮುಂಗಡ ಬಂದರೆ ಮಾತ್ರ ರೂಮ್’ ಅಂದರೆ ಅದು ಹೊಸ ಸಂಸ್ಥೆ ಆಗಿರಬಹುದು. ಹಳೆಯ ಸಂಸ್ಥೆಯ ಬಗ್ಗೆ ಹಾಗೆ ಹೇಳಿದರೆ ಅನುಮಾನಪಡಿ. ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ಮಾನ್ಯತೆ ಇದೆ ಅಂದರೆ ಕೋಡ್ ಕೇಳಿ, ಅದನ್ನು ಐಎಟಿಎ ತಾಣದಲ್ಲೇ ಪರಿಶೀಲಿಸಬಹುದು. ವಿಮಾನ ಟಿಕೆಟ್ ಮಾರದ ಸಂಸ್ಥೆಗೆ ಅದು ಇಲ್ಲದಿರುವುದು ತಪ್ಪಲ್ಲ. ಕೆಲಸಕ್ಕೆ ಸೇರಲು ನೀವೇ ತರಬೇತಿ ಶುಲ್ಕ ಕಟ್ಟಬೇಕು, ಇನ್ನಿಬ್ಬರನ್ನು ಸೇರಿಸಬೇಕು ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಇನ್ನೊಂದು ಸಾಲು ಹುಡುಕಿ: ಕೆಲಸ ಬಿಟ್ಟರೆ, ನೀವು ಮಾರಿದ ಆದರೆ ಇನ್ನೂ ಹೊರಡದ ಪ್ರವಾಸಗಳ ಕಮಿಷನ್ ಯಾರದು? ಏನೂ ಬರೆದಿಲ್ಲದಿದ್ದರೆ ಬರೆಸಿಕೊಳ್ಳಿ. ಕೊಡುವುದಿಲ್ಲ ಅಂತಿದ್ದರೆ, ಭರಾಟೆ ಮುಗಿದ ನಾಲ್ಕನೇ ತಿಂಗಳ ಕೊನೆಗೆ ಕೆಲಸ ಬಿಟ್ಟವರು 81 ಬುಕಿಂಗ್‌ಗಳ ಕಮಿಷನ್ ಪೂರ್ತಿ ಕಳೆದುಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 1,215, ಎರಡು ತಿಂಗಳ ಮೂಲ ಸಂಬಳಕ್ಕಿಂತ ಜಾಸ್ತಿ.