ಚೆಕ್ ಶೀಟ್‌ನಿಂದ ಪ್ಯಾರೆಟೊ ಟೇಬಲ್‌ವರೆಗೆ: ಒಂದು ಶರ್ಟ್ ಲೈನಿನ ಲೆಕ್ಕ

ಕ್ವಾಲಿಟಿ ಪಾಠದಲ್ಲಿ ಡಿಫೆಕ್ಟ್ ಎಣಿಸುವ ಚೆಕ್ ಶೀಟ್, ಆ ಎಣಿಕೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಪ್ಯಾರೆಟೊ ಎರಡೂ ಓದುವಾಗ ಸುಲಭ ಅನ್ನಿಸುತ್ತವೆ. ಲೆಕ್ಕಕ್ಕೆ ಕುಳಿತಾಗ ಶೇಕಡಾವನ್ನು ಯಾವುದರ ಮೇಲೆ ತೆಗೆಯಬೇಕು ಅನ್ನುವಲ್ಲಿ ಗೋಜಲು ಶುರು. ಹಾಗಾಗಿ ಇಲ್ಲಿ ಆ ಭಾಗವೇ ಜಾಸ್ತಿ. ಗಾರ್ಮೆಂಟ್ಸ್‌ನ ಶರ್ಟ್ ಲೈನ್ ಒಂದನ್ನು ತೆಗೆದುಕೊಂಡಿದ್ದೇನೆ. ಅಂಕಿಗಳು ಅಭ್ಯಾಸಕ್ಕೆ ನಾನೇ ಹಾಕಿಕೊಂಡವು.

ಶೀಟ್ ಬರೆಯುವುದು

ಲೈನಿನ ಕೊನೆಯಲ್ಲಿ ಚೆಕ್ಕರ್ ಒಂದೊಂದೇ ಪೀಸ್ ನೋಡುತ್ತಾರೆ. ಡಿಫೆಕ್ಟ್ ಕಂಡ ತಕ್ಷಣ ಆ ಡಿಫೆಕ್ಟಿನ ಸಾಲಿನಲ್ಲಿ ಒಂದು ಗೀಟು, ಐದನೆಯದು ಅಡ್ಡ ಗೀಟು. ಗಂಟೆ ಮುಗಿದ ಮೇಲೆ ನೆನಪಿಸಿಕೊಂಡು ಬರೆದರೆ ಕಣ್ಣಿಗೆ ಹೊಡೆದಂತೆ ಕಂಡ ಎಣ್ಣೆ ಕಲೆ ನೆನಪಿರುತ್ತದೆ, ಸಣ್ಣ ದಾರ ಮರೆತುಹೋಗುತ್ತದೆ. ರಿಪೇರಿ ಆಗಿ ವಾಪಸ್ ಬಂದ ಪೀಸನ್ನು ಮತ್ತೆ ಈ ಎಣಿಕೆಗೆ ಸೇರಿಸಬಾರದು. ಶೀಟಿನಲ್ಲಿ ಗಂಟೆ ಮತ್ತು ಆಪರೇಷನ್ (ಕಾಲರ್, ಕಫ್, ಸೈಡ್ ಸೀಮ್) ಎರಡಕ್ಕೂ ಜಾಗ ಇರಲಿ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಮೂರು ಸಂಖ್ಯೆ, ಮೂರು ಕೆಲಸ

400 ಶರ್ಟ್ ಚೆಕ್ ಆದವು. 48 ಶರ್ಟ್‌ಗಳಲ್ಲಿ ಏನಾದರೊಂದು ತೊಂದರೆ ಇತ್ತು. ಒಟ್ಟು ಡಿಫೆಕ್ಟ್ 60. ಒಂದೇ ಶರ್ಟಿನಲ್ಲಿ ಹೊಲಿಗೆ ನಡುವೆ ತಪ್ಪಿದ ಸ್ಕಿಪ್ ಸ್ಟಿಚ್ಚೂ ಇದ್ದು ಎಣ್ಣೆ ಕಲೆಯೂ ಇದ್ದರೆ ಎರಡು ಗೀಟು, ಪೀಸ್ ಮಾತ್ರ ಒಂದೇ. ಅದಕ್ಕೇ 60 ಮತ್ತು 48 ಬೇರೆ ಬೇರೆ.

48 ಅನ್ನು 400ರಿಂದ ಭಾಗಿಸಿದರೆ ಶೇ. 12. ಇದು ಕೆಟ್ಟ ಪೀಸ್‌ಗಳ ಪ್ರಮಾಣ. 60 ಅನ್ನು 400ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 15. ಇದನ್ನೇ ಲೈನಿನಲ್ಲಿ ಡಿಎಚ್‌ಯು ಅನ್ನುವುದು, ಅಂದರೆ ನೂರು ಪೀಸ್‌ಗೆ ಎಷ್ಟು ಡಿಫೆಕ್ಟ್. ಇವೆರಡೂ ಲೈನ್ ಹೇಗಿದೆ ಅಂತ ಹೇಳುತ್ತವೆ. ಪ್ಯಾರೆಟೊ ಟೇಬಲ್ ಕೇಳುವ ಪ್ರಶ್ನೆಯೇ ಬೇರೆ: ಈ 60ರಲ್ಲಿ ಯಾರ ಪಾಲು ಎಷ್ಟು? ಹಾಗಾಗಿ ಅಲ್ಲಿ ಭಾಗಿಸಬೇಕಾದದ್ದು 60ರಿಂದ ಮಾತ್ರ.

| ಡಿಫೆಕ್ಟ್ | ಎಣಿಕೆ | ಶೇ. | ಕೂಡುತ್ತಾ ಹೋದ ಶೇ. |
|---|---|---|---|
| ಸ್ಕಿಪ್ ಸ್ಟಿಚ್ | 21 | 35 | 35 |
| ಕತ್ತರಿಸದ ದಾರ | 15 | 25 | 60 |
| ಓಪನ್ ಸೀಮ್ | 9 | 15 | 75 |
| ಎಣ್ಣೆ ಕಲೆ | 6 | 10 | 85 |
| ಪಕ್ಕರಿಂಗ್ | 3 | 5 | 90 |
| ಇತರೆ | 6 | 10 | 100 |

ಕೊನೆಯ ಸಾಲು ನೋಡಿದರೆ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ. 100 ಬರಲೇಬೇಕು. 15ಕ್ಕೆ ನಿಂತರೆ 400ರಿಂದ ಭಾಗಿಸಿದ್ದೀರಿ. 125 ಬಂದರೆ 48ರಿಂದ ಭಾಗಿಸಿದ್ದೀರಿ.

'ಇತರೆ' ಸಾಲು ಹೊಲಿಗೆ ಸುಕ್ಕುಗಟ್ಟುವ ಪಕ್ಕರಿಂಗ್‌ಗಿಂತ ದೊಡ್ಡದಿದ್ದರೂ ಕೊನೆಗೇ ಇರಬೇಕು. ಅದು ಒಂದು ಡಿಫೆಕ್ಟ್ ಅಲ್ಲ, ಚಿಲ್ಲರೆ ಎಲ್ಲ ಸೇರಿಸಿದ ಮೂಟೆ. ಅದೇ ಮೇಲಿನ ಸಾಲುಗಳಷ್ಟು ಬೆಳೆದರೆ ಬಿಡಿಸಿ ನೋಡಬೇಕು, ಒಳಗೆ ಯಾವುದೋ ದೊಡ್ಡದು ಅಡಗಿರುತ್ತದೆ.

ಎಕ್ಸೆಲ್‌ನಲ್ಲಿ ನನಗೆ ಇಷ್ಟವಾದ ದಾರಿ ಇದು. ಮೊದಲ ಸಾಲು ತಲೆಬರಹ, ಎಣಿಕೆ B2ರಿಂದ B7ವರೆಗೆ. A2ರಿಂದ B6ವರೆಗೆ ಮಾತ್ರ ಆಯ್ದು B ಕಾಲಂ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ. 'ಇತರೆ' ಏಳನೇ ಸಾಲಿನಲ್ಲೇ ಉಳಿಯುತ್ತದೆ. ಆಮೇಲೆ D2ರಲ್ಲಿ:

```
=SUM(B$2:B2)/SUM(B$2:B$7)*100
```

ಇದನ್ನು D7ವರೆಗೆ ಎಳೆಯಿರಿ. ಡಾಲರ್ ಹಾಕಿದ ಸಾಲು ಕದಲುವುದಿಲ್ಲ, ಹಾಕದ B2 ಮಾತ್ರ B3, B4 ಅಂತ ಇಳಿಯುತ್ತದೆ. ಕೂಡುತ್ತಾ ಹೋಗುವುದು ಅಂದರೆ ಅಷ್ಟೇ.

ಮೇಲಿನ ಸಾಲು ಕಾರಣವಲ್ಲ

ಸ್ಕಿಪ್ ಸ್ಟಿಚ್ ಕಣ್ಣಿಗೆ ಕಾಣುವ ತೊಂದರೆ. ಕಾರಣ ಹುಡುಕಲು ಆ 21ನ್ನು ಮತ್ತೆ ಆಪರೇಷನ್ ಪ್ರಕಾರ ಒಡೆಯಬೇಕು. ಸೈಡ್ ಸೀಮ್ 14, ಕಫ್ 4, ಕಾಲರ್ 3 ಅಂದುಕೊಳ್ಳಿ. ಸೈಡ್ ಸೀಮಿನ 14ರಲ್ಲಿ 11 ಊಟದ ನಂತರದ ಎರಡು ಗಂಟೆಗಳಲ್ಲೇ ಬಂದಿದ್ದರೆ ಆ ಹೊತ್ತಿಗೆ ಆ ಮೆಷಿನ್‌ನಲ್ಲಿ ಏನೋ ಬದಲಾಗಿರಬೇಕು. ಸೂಜಿ ಬಾಗಿದೆಯಾ, ಸರಿಯಾಗಿ ಕೂತಿದೆಯಾ, ದಾರದ ಕುಣಿಕೆ ಹಿಡಿಯುವ ಲೂಪರ್‌ನ ಟೈಮಿಂಗ್ ತಪ್ಪಿದೆಯಾ ಅಂತ ಮೆಕ್ಯಾನಿಕ್ ಅಲ್ಲಿಂದ ನೋಡಬಹುದು. ದಿನವಿಡೀ ಸಮನಾಗಿ ಹಂಚಿದ್ದರೆ ದಾರ, ಬಟ್ಟೆ, ಸೂಜಿಯ ನಂಬರ್ ಒಂದಕ್ಕೊಂದು ಹೊಂದುತ್ತವಾ ಅನ್ನುವ ಕಡೆಗೆ ಹೋಗಬೇಕು.

ಇನ್ನೊಂದು ಮಾತು. ಎಣಿಕೆಯ ಕ್ರಮವೇ ಕೆಲಸದ ಕ್ರಮ ಅಲ್ಲ. ಉಳಿದ ದಾರ ಕತ್ತರಿಸಲು ಪೀಸ್‌ಗೆ ಅರ್ಧ ನಿಮಿಷ ಅಂದರೆ 15ಕ್ಕೆ ಏಳೂವರೆ ನಿಮಿಷ. ಓಪನ್ ಸೀಮ್ ಬಿಚ್ಚಿ ಹೊಲಿಯಲು 5 ನಿಮಿಷ ಅಂದರೆ 9ಕ್ಕೆ 45 ನಿಮಿಷ. ಎಣಿಕೆಯನ್ನು ರಿಪೇರಿ ನಿಮಿಷದಿಂದ ಗುಣಿಸಿ ಪಕ್ಕದಲ್ಲೇ ಎರಡನೇ ಟೇಬಲ್ ಹಾಕಿದರೆ ಇವೆರಡರ ಜಾಗ ಅದಲುಬದಲಾಗುತ್ತದೆ.